ಏಳನೇ ಕ್ಲಾಸಿನ ಚುನಾವಣೆ: ಓಟು ಹಾಕಿಸುವುದು ಸುಲಭ, ಲೆಕ್ಕ ಒಪ್ಪಿಸುವುದು ಹೇಗೆ?

ಪ್ರಶ್ನೆ: ನಾನು ಬಾಗೇಪಲ್ಲಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಲವತ್ತಕ್ಕೂ ಹೆಚ್ಚು ಮಕ್ಕಳಿದ್ದಾರೆ. ಕಳೆದ ವರ್ಷ ಮೊಬೈಲ್ ಆ್ಯಪ್‌ನಲ್ಲಿ ಓಟು ಹಾಕಿಸಿ ಪ್ರಧಾನಿ, ಮಂತ್ರಿಗಳನ್ನೆಲ್ಲ ಆರಿಸಿದೆವು. ಫೋಟೊ ಚೆನ್ನಾಗಿ ಬಂತು, ಆದರೆ ಮಾರನೇ ದಿನದಿಂದ ಏನೂ ಇಲ್ಲ. ಪರೀಕ್ಷೆಯಲ್ಲಿ "ಪ್ರಧಾನಿಯನ್ನು ಯಾರು ಆರಿಸುತ್ತಾರೆ" ಅಂತ ಕೇಳಿದರೆ ಮುಕ್ಕಾಲು ಮಕ್ಕಳು "ಜನರು" ಅಂತ ಬರೆದರು. ಈ ಸಲ ಒಂದು ವಾರ ಸಮಯ ಇದೆ. ಹೇಗೆ ಮಾಡಲಿ ಸರ್?

ಉತ್ತರ: ಮೇಡಂ, ಆ ಮಕ್ಕಳು ತಪ್ಪು ಬರೆದಿಲ್ಲ. ನೀವು ತೋರಿಸಿದ್ದನ್ನೇ ಬರೆದಿದ್ದಾರೆ. ಇಡೀ ಕ್ಲಾಸು ಸೇರಿ ಒಬ್ಬ ಪ್ರಧಾನಿಗೆ ಬಟನ್ ಒತ್ತಿತು, ಹೆಚ್ಚು ಓಟು ಬಂದವನು ಪ್ರಧಾನಿಯಾದ. ಅವರ ಪಾಲಿಗೆ ಅದೇ ನಿಜ. ನಾನೂ ನೌಕರಿಯ ಮೊದಲ ಎಂಟು ಹತ್ತು ವರ್ಷ ಹೀಗೇ ಮಾಡಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮೂವತ್ತು ವರ್ಷ ಪಾಠ ಮಾಡಿ, ಎಲೆಕ್ಷನ್ ಡ್ಯೂಟಿಗೂ ಹತ್ತಾರು ಸಲ ಹೋಗಿ ಬಂದವನು ನಾನು. ಮಸ್ಟರಿಂಗ್ ಸೆಂಟರ್‌ನಲ್ಲಿ ಚೀಲ ತಗೊಂಡು, ಊರಿನ ಶಾಲೆಯಲ್ಲಿ ರಾತ್ರಿ ಮಲಗಿ, ಬೆಳಗ್ಗೆ ಏಜೆಂಟರ ಮುಂದೆ ಅಣಕು ಮತದಾನ ಮಾಡಿ ತೋರಿಸುವ ಮನುಷ್ಯ ತನ್ನ ಕ್ಲಾಸಿನಲ್ಲಿ ಮಾತ್ರ ಕೈ ಎತ್ತಿಸಿ ಲೀಡರ್ ಆರಿಸುತ್ತಿದ್ದ!

ಮೊದಲು ಬದಲಾಯಿಸಬೇಕಾದದ್ದು ಕ್ಷೇತ್ರ. ಇಡೀ ಕ್ಲಾಸನ್ನು ಒಂದೇ ಕ್ಷೇತ್ರ ಮಾಡಬೇಡಿ. 45 ಮಕ್ಕಳಿದ್ದರೆ ಐದು ಕ್ಷೇತ್ರ, ಒಂದೊಂದರಲ್ಲಿ ಒಂಬತ್ತು ಮತದಾರರು. ಒಂದು ಕ್ಷೇತ್ರದಿಂದ ಒಬ್ಬ ಸದಸ್ಯ. ಐದು ಸದಸ್ಯರು ಸಭೆ ಸೇರಿ ತಮ್ಮಲ್ಲಿ ಒಬ್ಬರನ್ನು ನಾಯಕನನ್ನಾಗಿ ಆರಿಸಬೇಕು. ನಿಮ್ಮ ಪರೀಕ್ಷೆಯ ಪ್ರಶ್ನೆಗೆ ಇಷ್ಟರಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ಜನ ಆರಿಸುವುದು ಸದಸ್ಯನನ್ನು. ನಾಯಕ ಯಾರು ಅನ್ನೋದು ಸಭೆಯ ಲೆಕ್ಕ.

ಕ್ಷೇತ್ರವನ್ನು ಬೆಂಚಿನ ಸಾಲು ನೋಡಿ ಮಾಡಬೇಡಿ. ನಮ್ಮ ಕ್ಲಾಸುಗಳಲ್ಲಿ ಸಾಲು ಅಂದರೆ ಗೆಳೆಯರ ಗುಂಪು, ಒಂದೇ ಬೀದಿಯವರ ಗುಂಪು. ಒಂದು ಕಡೆ ಹುಡುಗರು, ಇನ್ನೊಂದು ಕಡೆ ಹುಡುಗಿಯರು. ಹಾಜರಿ ಪುಸ್ತಕ ತೆಗೆದು ಒಂದು, ಎರಡು, ಮೂರು, ನಾಲ್ಕು, ಐದು, ಮತ್ತೆ ಒಂದು ಅಂತ ಎಣಿಸುತ್ತಾ ಹೋಗಿ. ಬಹಳ ಶಾಲೆಗಳಲ್ಲಿ ಹುಡುಗರ ಹೆಸರು ಮೊದಲು, ಹುಡುಗಿಯರದು ಆಮೇಲೆ ಇರುತ್ತದಲ್ಲ, ಹೀಗೆ ಎಣಿಸಿದರೆ ಎಲ್ಲ ಕ್ಷೇತ್ರದಲ್ಲೂ ತಾನಾಗಿಯೇ ಬೆರೆಯುತ್ತಾರೆ. ಐದರಲ್ಲಿ ಎರಡು ಕ್ಷೇತ್ರ ಹುಡುಗಿಯರಿಗೆ ಮೀಸಲು ಅಂತ ಚೀಟಿ ಎತ್ತಿ ಗುರುತು ಮಾಡಿ. ಊರಿನ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಅನ್ನೋದು ಅವರಿಗೆ ಗೊತ್ತೇ ಇರುತ್ತದೆ. ಯಾರ ಅಮ್ಮನೋ ಅತ್ತೆಯೋ ಮೆಂಬರ್ ಆಗಿರುತ್ತಾರೆ.

ಒಂಬತ್ತಕ್ಕಿಂತ ಚಿಕ್ಕ ಕ್ಷೇತ್ರ ಬೇಡ. ಐದಾರು ಜನರ ಕ್ಷೇತ್ರದಲ್ಲಿ ಗುಟ್ಟು ಉಳಿಯುವುದಿಲ್ಲ. ಸಂಜೆ ಮನೆಗೆ ಹೋಗುವ ಹೊತ್ತಿಗೆ ಯಾರು ಯಾರಿಗೆ ಹಾಕಿದರು ಅಂತ ಬೆರಳು ಮಡಚಿ ಲೆಕ್ಕ ಹಾಕಿಬಿಡುತ್ತಾರೆ. ಒಂಬತ್ತರಲ್ಲೂ ಅಪಾಯ ಪೂರ್ತಿ ತಪ್ಪುವುದಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ನಿಜವಾದ ಪಕ್ಷದ ಹೆಸರು, ಚಿಹ್ನೆ ಯಾವುದೂ ಬೇಡ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೇ ಪಕ್ಷದ ಚಿಹ್ನೆ ಇರುವುದಿಲ್ಲವಲ್ಲ, ಅದನ್ನೇ ಹೇಳಿ. ಆದರೆ ಬರೀ "ನಾನು ಒಳ್ಳೆಯವನು" ಅನ್ನುವ ಚುನಾವಣೆಯೂ ಬೇಡ. ಹಾಗೆ ಮಾಡಿದರೆ ಚೆನ್ನಾಗಿ ಮಾತಾಡುವ ಹುಡುಗ ಗೆಲ್ಲುತ್ತಾನೆ, ಅಷ್ಟೇ. ಕ್ಲಾಸಿಗೆ ನಿಜಕ್ಕೂ ಬೇಕಾದ ಒಂದು ವಿಷಯದ ಮೇಲೆ ಎರಡು ಗುಂಪು ಆಗಲಿ. ನನ್ನ ಕ್ಲಾಸಿನಲ್ಲಿ ಶನಿವಾರದ ಕೊನೆಯ ಪೀರಿಯಡ್ ಏನು ಮಾಡಬೇಕು ಅನ್ನೋದೇ ವಿಷಯವಾಗಿತ್ತು. ಒಂದು ಗುಂಪಿಗೆ ಖೋ ಖೋ ಬೇಕು. ಇನ್ನೊಂದಕ್ಕೆ ಶಾಲೆಯ ಕೈತೋಟ. ಐದು ಕ್ಷೇತ್ರದಲ್ಲೂ ಇಬ್ಬರು ಇಬ್ಬರು ಅಭ್ಯರ್ಥಿಗಳು. ಈ ಒಂದು ಪೀರಿಯಡ್ ವಿಷಯದಲ್ಲಿ ಸಭೆ ಏನು ತೀರ್ಮಾನ ಮಾಡಿದರೂ ನಾನು ಒಪ್ಪುತ್ತೇನೆ ಅಂತ ಹೆಡ್‌ಮಾಸ್ಟರ ಎದುರಿಗೇ ಮಾತು ಕೊಟ್ಟಿದ್ದೆ. ಮಕ್ಕಳು ನಂಬಲಿಲ್ಲ. ನಂಬದೇ ಇದ್ದದ್ದೂ ಸರಿಯೇ. ನಾವು ಎಷ್ಟು ಸಲ ಹೀಗೆ ಹೇಳಿ ಆಮೇಲೆ ಪಿ.ಟಿ. ಪೀರಿಯಡ್ ಕಿತ್ತುಕೊಂಡು ಗಣಿತ ಮಾಡಿಸಿಲ್ಲ?

ನಾಮಪತ್ರ, ಪ್ರಚಾರ ಇವಕ್ಕೆ ಎರಡು ದಿನ ಸಾಕು. ನಾಮಪತ್ರಕ್ಕೆ ಅದೇ ಕ್ಷೇತ್ರದ ಒಬ್ಬ ಸೂಚಕನ ಸಹಿ ಇರಲಿ. ಠೇವಣಿ ಅಂತ ದುಡ್ಡು ಮಾತ್ರ ಇಸಕೊಳ್ಳಬೇಡಿ, ಐದು ರೂಪಾಯಿಯೂ ಬೇಡ. ನಾಮಪತ್ರ ಹಿಂಪಡೆಯಲು ಒಂದು ದಿನ ಬಿಡಿ. ಆ ದಿನ ಒಬ್ಬೊಬ್ಬ ಅಭ್ಯರ್ಥಿಯನ್ನೂ ಪಕ್ಕಕ್ಕೆ ಕರೆದು ಕೇಳಿ: "ಒಂದೇ ಓಟು ಬಂದರೆ ಏನು ಮಾಡ್ತೀಯ?" ನಮ್ಮಲ್ಲಿ ಒಂದು ಕ್ಷೇತ್ರದಲ್ಲಿ 8 ಮತ್ತು 1 ಆಯಿತು. ಆ ಒಂದು ಯಾರದು ಅಂತ ಇಡೀ ಕ್ಲಾಸಿಗೆ ಗೊತ್ತು. ಉಳಿದ ಎಂಟೂ ಜನ ತನಗೆ ಹಾಕಿಲ್ಲ ಅಂತ ಆ ಹುಡುಗನಿಗೂ ಗೊತ್ತು. ಚಿಕ್ಕ ಕ್ಷೇತ್ರದಲ್ಲಿ ಇದಕ್ಕೆ ಔಷಧಿ ಇಲ್ಲ. ಮೊದಲೇ ಕೇಳಿದ್ದರಿಂದ ಅವನು ತಯಾರಾಗಿದ್ದ. "ಹೋಗ್ಲಿ ಬಿಡಿ ಸಾರ್, ನನ್ನ ಓಟು ನನಗೇ ಬಿತ್ತಲ್ಲ" ಅಂದ.

ಇನ್ನು ಮತದಾನ. ಆ್ಯಪ್ ಬೇಡ ಅಂತ ನನ್ನ ಸಲಹೆ. ಪೀಂ ಅಂತ ಶಬ್ದ ಬರುತ್ತದೆ, ಮಕ್ಕಳಿಗೆ ಖುಷಿ, ನಿಜ. ಆದರೆ ಫಲಿತಾಂಶ ಮೊಬೈಲಿನ ಒಳಗಿಂದ ಬರುತ್ತದೆ, ಮೊಬೈಲ್ ಟೀಚರದ್ದು. ಒಬ್ಬ ಮಗು "ನನಗೆ ಅನುಮಾನ" ಅಂದರೆ ಏನು ತೋರಿಸುತ್ತೀರಿ? ನಿಜವಾದ ಯಂತ್ರದ ಪಕ್ಕದಲ್ಲಾದರೆ ವಿವಿಪ್ಯಾಟ್ ಇದೆ. ಏಳು ಸೆಕೆಂಡ್ ಚೀಟಿ ಕಾಣುತ್ತದೆ, ಆಮೇಲೆ ಪೆಟ್ಟಿಗೆಗೆ ಬೀಳುತ್ತದೆ, ಬೇಕಾದರೆ ಎಣಿಸಬಹುದು. ಕ್ಲಾಸಿಗೆ ಕಾಗದದ ಮತಪತ್ರವೇ ಸರಿ. ಒಂದು ಹಾಳೆಯಲ್ಲಿ ನಾಲ್ಕು ಮತಪತ್ರ, ಹೆಚ್ಚುವರಿ ಸೇರಿ ಹದಿನೈದು ಹಾಳೆಯಲ್ಲಿ ಕೆಲಸ ಮುಗಿಯುತ್ತದೆ. ಮತಪತ್ರದ ಹಿಂದೆ ಮತಗಟ್ಟೆ ಅಧಿಕಾರಿ ಸಹಿ ಹಾಕಬೇಕು. ಸಹಿ ಇಲ್ಲದ್ದು ಪೆಟ್ಟಿಗೆಯಲ್ಲಿ ಸಿಕ್ಕರೆ ಹೊರಗಿನದು ಅಂತ ಅರ್ಥ.

ಅಧಿಕಾರಿಗಳು ಏಳನೇ ಕ್ಲಾಸಿನವರು ಬೇಡ, ಆರನೇ ಕ್ಲಾಸಿನವರು ಬರಲಿ. ಓಟೂ ಅವರದಲ್ಲ, ಗುಂಪೂ ಅವರದಲ್ಲ. ಮುಂದಿನ ವರ್ಷಕ್ಕೆ ಅವರೇ ತಯಾರಾಗುತ್ತಾರೆ. ಒಬ್ಬ ಪಟ್ಟಿ ನೋಡಿ ಮತದಾರನ ಹೆಸರನ್ನು ಗಟ್ಟಿಯಾಗಿ ಕೂಗಬೇಕು, ಕೂತಿರುವ ಏಜೆಂಟರಿಗೆ ಕೇಳಿಸಲಿ ಅಂತಲೇ ಕೂಗುವುದು. ಇನ್ನೊಬ್ಬ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಎಡಗೈ ತೋರುಬೆರಳಿಗೆ ಶಾಯಿ ಹಾಕುತ್ತಾನೆ. ಮಾರ್ಕರ್ ಪೆನ್ನು ಸಾಕು. ನಿಜವಾದ ಶಾಯಿ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಿಂದ 1962ರ ಚುನಾವಣೆಯಿಂದಲೂ ದೇಶಕ್ಕೆಲ್ಲ ಹೋಗುತ್ತಿದೆ ಅಂತ ಹೇಳಿದರೆ ಬೆರಳನ್ನು ಇನ್ನಷ್ಟು ಎತ್ತಿ ತೋರಿಸುತ್ತಾರೆ. ಮೂರನೆಯವನು ಮತಪತ್ರ ಕೊಡುತ್ತಾನೆ.

ಗುರುತನ್ನು ಪೆನ್ನಿನಲ್ಲಿ ಹಾಕಿಸಬೇಡಿ. ಏಳನೇ ಕ್ಲಾಸಿನವರಿಗೆ ಒಬ್ಬರ ಟಿಕ್ ಮಾರ್ಕ್ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಒಂದೇ ಮೊಹರು ಎಲ್ಲರಿಗೂ ಇರಲಿ. ಮತಪತ್ರದ ಚುನಾವಣೆಯಲ್ಲಿ ಕೊಡುವ ಮೊಹರು ನೋಡಿದ್ದೀರಾ? ನಾಲ್ಕು ಕೈಗಳಿರುವ ಅಡ್ಡ ಗುರುತು, ನಾಲ್ಕೂ ಕೈ ಒಂದೇ ದಿಕ್ಕಿಗೆ ತಿರುಗಿರುತ್ತವೆ. ಅದು ಅಂದಕ್ಕೆ ಮಾಡಿದ್ದಲ್ಲ. ಹಸಿ ಶಾಯಿಯ ಮೇಲೆ ಚೀಟಿ ಮಡಚಿದಾಗ ಎದುರಿನ ಹೆಸರಿನ ಮೇಲೂ ಗುರುತು ಅಂಟುತ್ತದೆ. ಅಂಟಿದ್ದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಇರುತ್ತದೆ. ಹಾಗಾಗಿ ಮತದಾರ ಒತ್ತಿದ್ದು ಯಾವುದು, ಅಂಟಿದ್ದು ಯಾವುದು ಅಂತ ಎಣಿಸುವವನಿಗೆ ತಿಳಿಯುತ್ತದೆ. ನಾನು ರಬ್ಬರ್ ತುಂಡಿನಲ್ಲಿ ಬ್ಲೇಡಿನಿಂದ ಒಂದು ಕೊಕ್ಕೆ ಗುರುತು ಕೊರೆದು ಸ್ಟ್ಯಾಂಪ್ ಪ್ಯಾಡಿನ ಜೊತೆ ಇಟ್ಟೆ. ಎಣಿಕೆಯಲ್ಲಿ ಎರಡು ಗುರುತಿನ ಚೀಟಿ ಒಂದು ಬಂದೇ ಬಂತು. "ಕುಲಗೆಟ್ಟಿದೆ ಸಾರ್" ಅಂದರು ಹುಡುಗರು. ಕೊಕ್ಕೆ ಯಾವ ಕಡೆಗೆ ತಿರುಗಿದೆ ನೋಡಿ ಅಂದೆ. ಒಬ್ಬಳು ನೋಡಿದ ಕೂಡಲೇ ಹೇಳಿಬಿಟ್ಟಳು. ಓಟು ಉಳಿಯಿತು.

ಮರೆಗೆ ಒಂದು ದೊಡ್ಡ ರಟ್ಟಿನ ಡಬ್ಬ ಸಾಕು. ಆದರೆ ಎಲ್ಲಿ ಇಡುತ್ತೀರಿ ಅನ್ನೋದು ಮುಖ್ಯ. ನಾನು ಒಂದು ವರ್ಷ ಬೆಳಕು ಬರಲಿ ಅಂತ ಕಿಟಕಿ ಹತ್ತಿರ ಇಟ್ಟೆ. ಮತದಾನ ಮುಗಿದ ಹತ್ತು ನಿಮಿಷಕ್ಕೆ ಅಡುಗೆ ಕೋಣೆಯ ಹತ್ತಿರ ಐದನೇ ಕ್ಲಾಸಿನವರು ಫಲಿತಾಂಶ ಹೇಳಿಕೊಂಡು ಓಡಾಡುತ್ತಿದ್ದರು. ಕಿಟಕಿ ಆಚೆ ನಿಂತು ಒಬ್ಬೊಬ್ಬರ ಕೈ ನೋಡಿದ್ದರು! ಇಡೀ ಮತದಾನ ಮತ್ತೆ ಮಾಡಿಸಿದೆ. ಮರೆಯನ್ನು ಗೋಡೆ ಮೂಲೆಗೆ ಇಡಿ, ಮತದಾರನ ಮುಖ ಕ್ಲಾಸಿನ ಕಡೆ ಇರಲಿ, ಬೆನ್ನ ಹಿಂದೆ ಯಾರೂ ಹೋಗುವ ಹಾಗಿರಬಾರದು. ನೀವೂ ಅಷ್ಟೇ, ದೂರ ಕೂತುಕೊಳ್ಳಿ. ಟೀಚರ್ ನೋಡುತ್ತಿದ್ದಾರೆ ಅಂದರೆ ಟೀಚರಿಗೆ ಇಷ್ಟವಾದವರಿಗೇ ಓಟು ಬೀಳುತ್ತದೆ.

ಗುಟ್ಟು ಯಾಕೆ ಬೇಕು ಅಂತ ನಾನು ಬಾಯಲ್ಲಿ ಎಷ್ಟು ಹೇಳಿದರೂ ಮಕ್ಕಳಿಗೆ ಹತ್ತಿರಲಿಲ್ಲ. ಚಾಕೊಲೇಟ್ ಅದನ್ನು ಹೇಳಿಕೊಟ್ಟಿತು. ಖೋ ಖೋ ಗುಂಪಿನ ಒಬ್ಬ ಅಭ್ಯರ್ಥಿ ತನ್ನ ಕ್ಷೇತ್ರದ ಎಂಟೂ ಜನಕ್ಕೆ ಚಾಕೊಲೇಟ್ ಹಂಚಿದ. ನನಗೆ ದೂರು ಬಂತು. ಅವನನ್ನು ಅನರ್ಹ ಮಾಡಬಹುದಿತ್ತು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಲಂಚ ಕೊಟ್ಟು ಓಟು ಕೇಳುವುದು ಭ್ರಷ್ಟ ಆಚರಣೆ ಅಂತ ಎಲ್ಲರ ಮುಂದೆ ಓದಿ ಹೇಳಿದೆ. ಆದರೆ ಕಣದಿಂದ ತೆಗೆಯಲಿಲ್ಲ. ಎಣಿಕೆಯಲ್ಲಿ ಅವನಿಗೆ ಬಿದ್ದದ್ದು ಮೂರು ಓಟು, ಎದುರಾಳಿಗೆ ಆರು. "ಎಂಟು ಚಾಕೊಲೇಟ್ ತಿಂದವರು ಎಲ್ಲೋ?" ಅಂತ ಅವನು ಎದ್ದು ನಿಂತು ಕೇಳಿದ. ಕ್ಲಾಸಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಕೇಳಿ ತಿಳಿಯಲು ಅವನಿಗೆ ದಾರಿಯೇ ಇರಲಿಲ್ಲ, ನೋಡಿ. ಇಷ್ಟು ಮಾತ್ರ ಬೋರ್ಡಿನ ಮೇಲೆ ಬರೆದು ಬಿಟ್ಟೆ: ಕೊಟ್ಟದ್ದು 8, ಬಂದದ್ದು 3.

ಈಗ ಲೆಕ್ಕದ ವಿಷಯ. ಇದನ್ನು ಯಾವ ಶಾಲೆಯಲ್ಲೂ ಮಾಡುವುದಿಲ್ಲ. ನನಗೆ ಕೇಳಿದರೆ ಇಡೀ ಚಟುವಟಿಕೆಯ ಜೀವ ಇಲ್ಲೇ ಇದೆ. ಎಲೆಕ್ಷನ್ ಡ್ಯೂಟಿ ಮಾಡಿದವರಿಗೆ 17ಎ, 17ಸಿ ಅಂದರೆ ಗೊತ್ತು. 17ಎ ಅಂದರೆ ಓಟು ಹಾಕಿದವರ ರಿಜಿಸ್ಟರ್. 17ಸಿ ಅಂದರೆ ದಿನದ ಕೊನೆಗೆ ಬಿದ್ದ ಓಟುಗಳ ಲೆಕ್ಕ. ಅದರ ಪ್ರತಿಯನ್ನು ಏಜೆಂಟರ ಕೈಗೂ ಕೊಡಬೇಕು. ಎಣಿಕೆ ದಿನ ಈ ಲೆಕ್ಕಕ್ಕೂ ಯಂತ್ರ ತೋರಿಸುವ ಲೆಕ್ಕಕ್ಕೂ ತಾಳೆ ನೋಡುತ್ತಾರೆ. ಕ್ಲಾಸಿನಲ್ಲಿ ಪೆಟ್ಟಿಗೆ ಬಿಚ್ಚುವ ಮೊದಲೇ ಒಂದು ಹಾಳೆ ತುಂಬಬೇಕು. ಒಂದು ಕ್ಷೇತ್ರಕ್ಕೆ ಮಾಡಿಸಿದ ಮತಪತ್ರ 12. ಮತದಾರರಿಗೆ ಕೊಟ್ಟದ್ದು 10, ಯಾಕೆಂದರೆ ಒಬ್ಬಳು ಶಾಯಿ ಚೆಲ್ಲಿಕೊಂಡು ವಾಪಸ್ ಕೊಟ್ಟು ಬೇರೆ ತಗೊಂಡಳು. ಹಾಳಾಗಿ ವಾಪಸ್ ಬಂದದ್ದು 1. ಉಳಿದದ್ದು 2. ಹಾಗಾದರೆ ಪೆಟ್ಟಿಗೆಯಲ್ಲಿ ಎಷ್ಟಿರಬೇಕು? ಒಂಬತ್ತು. ರಿಜಿಸ್ಟರಿನಲ್ಲಿ ಸಹಿ ಎಷ್ಟಿವೆ? ಒಂಬತ್ತು. ಇದನ್ನು ಬರೆದು, ಏಜೆಂಟರ ಸಹಿ ತಗೊಂಡು, ಆಮೇಲೆ ಪೆಟ್ಟಿಗೆ ಬಿಚ್ಚಿ. ಮೊದಲು ಹೆಸರು ನೋಡದೆ ಚೀಟಿ ಮಾತ್ರ ಎಣಿಸಿ.

ಒಂದು ವರ್ಷ ಒಂಬತ್ತರ ಜಾಗದಲ್ಲಿ ಎಂಟೇ ಸಿಕ್ಕವು. ಪೆಟ್ಟಿಗೆ ತಲೆಕೆಳಗು ಮಾಡಿ ಕುಟ್ಟಿದರು. ಇಲ್ಲ. ಎಂಟನ್ನು ಬಿಚ್ಚಿ ನೋಡಿದರೆ ನಾಲ್ಕು, ನಾಲ್ಕು! ಏಜೆಂಟರಿಬ್ಬರೂ ಆರನೇ ಕ್ಲಾಸಿನ ಅಧಿಕಾರಿಯ ಮೇಲೆ ಜಗಳಕ್ಕೆ ನಿಂತರು. ಅಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬಳು ಮೆಲ್ಲಗೆ ಸಮಾಜ ವಿಜ್ಞಾನ ಪುಸ್ತಕ ತೆಗೆದಳು. ಒಳಗೆ ನೀಟಾಗಿ ಮಡಚಿದ ಮತಪತ್ರ. "ಚೀಟಿ ನನಗೇ ಕೊಟ್ಟಿದ್ದಲ್ವಾ ಸಾರ್, ಮನೇಲಿ ತೋರಿಸೋಣ ಅಂತ ಇಟ್ಕೊಂಡೆ." ಅವಳು ಮೊಹರು ಹಾಕಿದ್ದಳು. ಪೆಟ್ಟಿಗೆಗೆ ಹಾಕಿರಲಿಲ್ಲ.

ನಾಲ್ಕು, ನಾಲ್ಕು. ಒಂಬತ್ತನೆಯ ಚೀಟಿ ಕೈಯಲ್ಲಿದೆ. ಬಿಚ್ಚಿದರೆ ಗೆದ್ದವರು ಯಾರು ಅಂತ ಗೊತ್ತಾಗುತ್ತದೆ. ಅರ್ಧ ಕ್ಲಾಸು ಬಿಚ್ಚಿ ಅಂದಿತು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಕೈತೋಟದ ಕಡೆಯ ಏಜೆಂಟ್ ಹುಡುಗ ಒಂದು ಮಾತು ಹೇಳಿದ. "ಈಗ ಬಿಚ್ಚಿದ್ರೆ ಅವಳು ಯಾರಿಗೆ ಹಾಕಿದ್ಲು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಅಲ್ಲದೆ ನಾಲ್ಕು ನಾಲ್ಕು ಅಂತ ಗೊತ್ತಾದ ಮೇಲೆ ಯಾರು ಬೇಕಾದ್ರೂ ಒಂದು ಚೀಟಿ ತೆಗೆದು ಇದೂ ಇತ್ತು ಅನ್ನಬಹುದು." ಹನ್ನೆರಡು ವರ್ಷದ ಹುಡುಗ! ಚೀಟಿಯನ್ನು ಬಿಚ್ಚದೆ ಕವರಿಗೆ ಹಾಕಿ ಅಂಟಿಸಿದೆವು. ಪೆಟ್ಟಿಗೆಗೆ ಬೀಳದ ಮತಪತ್ರ ಓಟಲ್ಲ. ಲೆಕ್ಕದ ಹಾಳೆಯಲ್ಲಿ "ಪೆಟ್ಟಿಗೆಗೆ ಬಾರದ್ದು 1" ಅಂತ ಸೇರಿಸಿ ಮತ್ತೆ ಸಹಿ ತಗೊಂಡೆವು. ಆಮೇಲೆ ಸಮಬಲಕ್ಕೆ ಕಾನೂನು ಹೇಳುವುದನ್ನೇ ಮಾಡಿದೆವು. ಇಬ್ಬರ ಹೆಸರು ಚೀಟಿಯಲ್ಲಿ ಬರೆದು ಎತ್ತುವುದು. ಯಾರ ಹೆಸರು ಬಂತೋ ಅವರಿಗೆ ಒಂದು ಓಟು ಹೆಚ್ಚು ಬಂತು ಅಂತ ಲೆಕ್ಕ. ನಿಜವಾದ ಚುನಾವಣೆಯಲ್ಲೂ ಓಟು ಇಷ್ಟು ಹತ್ತಿರ ಬರುತ್ತದೆ ಅಂದರೆ ಮಕ್ಕಳು ನಂಬುವುದಿಲ್ಲ. 2004ರ ಸಂತೇಮರಹಳ್ಳಿ ಕಥೆ ಹೇಳಿ. ವಿಧಾನಸಭೆ ಚುನಾವಣೆಯಲ್ಲಿ ಒಬ್ಬರಿಗೆ 40,752 ಓಟು, ಇನ್ನೊಬ್ಬರಿಗೆ 40,751. ಒಂದೇ ಓಟಿನಲ್ಲಿ ಸೋಲು. ನಮ್ಮ ಮಾಲೂರಿನಲ್ಲೇ 2023ರಲ್ಲಿ ಅಂತರ 248.

ಐದೂ ಕ್ಷೇತ್ರದ ಎಣಿಕೆ ಮುಗಿದ ಮೇಲೆ ಒಟ್ಟು ಮಾಡಿ ಬೋರ್ಡಿಗೆ ಹಾಕಿ. ನಾನು ಹೇಳುತ್ತಿದ್ದ ಚಾಕೊಲೇಟ್ ವರ್ಷದ ಫಲಿತಾಂಶ ಹೀಗಿತ್ತು. ಖೋ ಖೋ ಗುಂಪು ಮೊದಲ ಕ್ಷೇತ್ರ 5–4ರಲ್ಲಿ ಗೆದ್ದಿತು. ಎರಡನೆಯದೂ 5–4. ಮೂರನೆಯದು 6–3. ನಾಲ್ಕನೆಯದು ಚಾಕೊಲೇಟ್ ಕ್ಷೇತ್ರ, 3–6ರಲ್ಲಿ ಸೋತಿತು. ಐದನೆಯದು 1–8. ಖೋ ಖೋಗೆ ಮೂರು ಸ್ಥಾನ, ಕೈತೋಟಕ್ಕೆ ಎರಡು. ಮೂರು ಸ್ಥಾನದವರು ಕುಣಿಯುತ್ತಿದ್ದರು. ಆಗ ಗಣಿತದಲ್ಲಿ ಚುರುಕಾದ ಒಬ್ಬಳು ಎದ್ದು ನಿಂತು ಕೂಡಿಸಿದಳು. ಖೋ ಖೋಗೆ ಒಟ್ಟು 20 ಓಟು. ಕೈತೋಟಕ್ಕೆ 25. "ಇದು ಮೋಸ ಸಾರ್, ನಮಗೇ ಜಾಸ್ತಿ ಬಿದ್ದಿದೆ."

ಇಲ್ಲಿ ಆತುರ ಬೇಡ. ಒಂದು ಪೀರಿಯಡ್ ಪೂರ್ತಿ ಇದಕ್ಕೇ ಕೊಡಿ. ಮೋಸ ಎಲ್ಲಾಗಿದೆ ತೋರಿಸಿ ಅನ್ನಿ. ಲೆಕ್ಕದ ಹಾಳೆ ತಂದರು, ಎಲ್ಲ ತಾಳೆ ಆಯಿತು. ಹಾಗಾದರೆ? ನಿಧಾನವಾಗಿ ಅವರಿಗೇ ಕಂಡಿತು. ಐದನೇ ಕ್ಷೇತ್ರದಲ್ಲಿ ಕೈತೋಟಕ್ಕೆ ಎಂಟು ಓಟು ಬಿದ್ದಿವೆ, ಗೆಲ್ಲಲು ಐದು ಸಾಕಿತ್ತು. ಉಳಿದ ಮೂರು ಅಲ್ಲೇ ರಾಶಿ ಬಿದ್ದವು. ಮೊದಲೆರಡು ಕ್ಷೇತ್ರದಲ್ಲಿ ನಾಲ್ಕು ನಾಲ್ಕು ಬಿದ್ದು ಒಂದೊಂದು ಓಟಿನಲ್ಲಿ ಸೋತರು. ನಮ್ಮ ಪದ್ಧತಿಯಲ್ಲಿ ಓಟನ್ನು ಕ್ಷೇತ್ರದೊಳಗೆ ಮಾತ್ರ ಎಣಿಸುತ್ತೇವೆ, ರಾಜ್ಯಕ್ಕೆಲ್ಲ ಸೇರಿಸಿ ಅಲ್ಲ. ಆಮೇಲೆ 2018ರ ಕರ್ನಾಟಕದ ಅಂಕಿಗಳನ್ನು ಪಕ್ಷದ ಹೆಸರು ಹೇಳದೆ ಬರೆಯಿರಿ. ಮೊದಲು ಮತದಾನ ನಡೆದದ್ದು 222 ಸ್ಥಾನಕ್ಕೆ. ಒಂದು ಪಕ್ಷಕ್ಕೆ ಸುಮಾರು 38% ಓಟು, 78 ಸ್ಥಾನ. ಇನ್ನೊಂದಕ್ಕೆ ಸುಮಾರು 36% ಓಟು, 104 ಸ್ಥಾನ. ಮೂರನೆಯದಕ್ಕೆ 37 ಸ್ಥಾನ. "ಯಾರು ಮುಖ್ಯಮಂತ್ರಿ ಆದರು ಹೇಳಿ?" ಅಂತ ಕೇಳಿ. ಎಲ್ಲರೂ 104 ಅಂತಾರೆ. ಅಲ್ಲಿಂದಲೇ ಮೊದಲು ಪ್ರಮಾಣ ವಚನ ಆಯಿತು, ಆದರೆ ಬಹುಮತಕ್ಕೆ ಬೇಕಾದ ಸಂಖ್ಯೆ ಸಿಗದೆ ರಾಜೀನಾಮೆ. ಆಮೇಲೆ ಮುಖ್ಯಮಂತ್ರಿ ಆದದ್ದು 37 ಇದ್ದ ಪಕ್ಷದವರು, ಯಾಕೆಂದರೆ 78ಕ್ಕೆ 37 ಸೇರಿದರೆ 115. ನಿಮ್ಮ "ಪ್ರಧಾನಿಯನ್ನು ಯಾರು ಆರಿಸುತ್ತಾರೆ" ಅನ್ನುವ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಈ ಪದ್ಧತಿ ಸರಿಯೋ ತಪ್ಪೋ ಅಂತ ನೀವು ತೀರ್ಪು ಕೊಡಬೇಡಿ. ಅವರು ಕಿತ್ತಾಡಲಿ.

ಸಭೆಗೆ ಬರೋಣ. ಐದು ಸದಸ್ಯರು ಮೊದಲು ಸಭಾಧ್ಯಕ್ಷರನ್ನು ಆರಿಸಬೇಕು. ನಮ್ಮಲ್ಲಿ ಖೋ ಖೋ ಗುಂಪು ತಮ್ಮವಳನ್ನೇ ಕೂರಿಸಿತು. ಕೂರಿಸಿದ ಮೇಲೆ ಗೊತ್ತಾಯಿತು, ಸಭಾಧ್ಯಕ್ಷರು ಮೊದಲಿಗೆ ಓಟು ಹಾಕುವ ಹಾಗಿಲ್ಲ. ಕೆಳಗೆ ಉಳಿದವರು ಎರಡು, ಎರಡು. ಸಮ ಬಂದರೆ ಮಾತ್ರ ಅವಳ ನಿರ್ಣಾಯಕ ಮತ. ಇದರಿಂದ ಇಡೀ ಸಭೆಗೆ ಬಿಸಿ ಬಂತು. ಮೂರು ಇದ್ದವರಿಗೆ ಸುಲಭವಾಗಿ ಹೋಗುವುದು ತಪ್ಪಿತು.

ಉಳಿದ ನಲವತ್ತು ಮಕ್ಕಳು ಸುಮ್ನೆ ಕೂತು ನೋಡುವ ಹಾಗಾಗಬಾರದು. ಅವರ ಕೆಲಸ ಪ್ರಶ್ನೆ ಬರೆಯುವುದು. ತಮ್ಮ ಕ್ಷೇತ್ರದ ಸದಸ್ಯನ ಕೈಗೆ ಮೂರು ದಿನ ಮೊದಲು ಬರೆದು ಕೊಡಬೇಕು. ಆಡಳಿತದವರು ಉತ್ತರ ಹುಡುಕಿಕೊಂಡು ಬರಲಿ ಅಂತ ಈ ಮೂರು ದಿನ. ಸಭೆಯಲ್ಲಿ ನಿಂತು ಉತ್ತರ ಹೇಳಬೇಕಾದ್ದು ಚುಕ್ಕೆ ಗುರುತಿನ ಪ್ರಶ್ನೆ, ಅದಕ್ಕೆ ಉಪಪ್ರಶ್ನೆ ಕೇಳಬಹುದು. ಬರೆದು ಕೊಟ್ಟರೆ ಸಾಕು ಅನ್ನೋದು ಚುಕ್ಕೆ ಗುರುತಿಲ್ಲದ್ದು. ಒಂದು ಪೀರಿಯಡ್‌ಗೆ ನಾಲ್ಕು ಪ್ರಶ್ನೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ನಮ್ಮ ಸಭೆಯಲ್ಲಿ ಬಂದದ್ದು ಒಂದು ಹೇಳುತ್ತೇನೆ.

"ಮಾನ್ಯ ಸಭಾಧ್ಯಕ್ಷರೇ, ಜೂನ್ ತಿಂಗಳಲ್ಲಿ ಆಟದ ಕೋಣೆಯಲ್ಲಿ ಎಷ್ಟು ಚೆಂಡು ಇದ್ದವು, ಈಗ ಎಷ್ಟಿವೆ?"

"ಆಗ ನಾಲ್ಕು, ಈಗ ಎರಡು."

"ಉಪಪ್ರಶ್ನೆ. ಉಳಿದೆರಡು ಎಲ್ಲಿ?"

ಕ್ರೀಡಾ ಮಂತ್ರಿಗೆ ಬೆವರು. ಒಂದು ಬಾವಿಗೆ ಬಿದ್ದಿದೆ ಅಂದ. ಇನ್ನೊಂದು ಅವನ ಮನೆಯಲ್ಲೇ ಇತ್ತು. ಸೋಮವಾರ ತಂದಿಟ್ಟ. ನಾನು ಎಷ್ಟೋ ಸಲ ಕೇಳಿದ್ದೆ, ತಂದಿರಲಿಲ್ಲ.

ನಿಮ್ಮ ಬಾಗೇಪಲ್ಲಿ ಕಡೆ ಇನ್ನೊಂದು ತೊಂದರೆ ಬರುತ್ತದೆ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳೇ ಹೆಚ್ಚು. ಸಭೆಯಲ್ಲಿ ಅಚ್ಚ ಕನ್ನಡದಲ್ಲೇ ಮಾತಾಡಬೇಕು ಅಂದರೆ ನಾಲ್ಕು ಜನ ಮಾತ್ರ ಮಾತಾಡುತ್ತಾರೆ. ಸಂವಿಧಾನದ 210ನೇ ವಿಧಿ ನೋಡಿ. ಸದನದ ಭಾಷೆಯಲ್ಲಿ ಸರಿಯಾಗಿ ಹೇಳಲಾಗದ ಸದಸ್ಯ ತನ್ನ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. "ಅನುಮತಿ ಕೋರುತ್ತೇನೆ" ಅಂತ ಕನ್ನಡದಲ್ಲಿ ಕೇಳಿ, ಆಮೇಲೆ ತೆಲುಗಿನಲ್ಲಿ ಹೇಳಲಿ. ಪಕ್ಕದವರು ಕನ್ನಡಕ್ಕೆ ತಿರುಗಿಸಲಿ.

ಮಂತ್ರಿ ಯಾಕೆ ನಿಂತು ಉತ್ತರ ಹೇಳಬೇಕು ಅನ್ನೋದಕ್ಕೆ ನಿಮ್ಮ ಜಿಲ್ಲೆಯಲ್ಲೇ ಕಥೆ ಇದೆ. ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಸದಸ್ಯರು ಅಹವಾಲು ಹೇಳಬಹುದಿತ್ತು. ಆದರೆ ದಿವಾನರನ್ನು ಕೆಳಗಿಳಿಸುವ ಅಧಿಕಾರ ಸಭೆಗೆ ಇರಲಿಲ್ಲ, ಅವರು ಜವಾಬ್ದಾರರಾಗಿದ್ದದ್ದು ಮಹಾರಾಜರಿಗೆ. ನಿಮ್ಮ ಕಳೆದ ವರ್ಷದ ಶಾಲಾ ಸಂಸತ್ತೂ ಹೀಗೇ ಇತ್ತು, ಅಲ್ವಾ? ಜವಾಬ್ದಾರಿ ಸರ್ಕಾರ ಬೇಕು ಅಂತ ಚಳವಳಿ ಬೆಳೆಯುತ್ತಿದ್ದ ಕಾಲದಲ್ಲೇ, 1938ರ ಏಪ್ರಿಲ್‌ನಲ್ಲಿ, ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿತು. 1947ರಲ್ಲಿ ಆ ಬೇಡಿಕೆ ಈಡೇರಿದಾಗ ಮೊದಲ ಮುಖ್ಯಮಂತ್ರಿ ಆದವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ವಿದುರಾಶ್ವತ್ಥಕ್ಕೆ ಮಕ್ಕಳು ಪ್ರವಾಸ ಹೋಗಿಯೇ ಇರುತ್ತಾರೆ. ನಾಗರಕಲ್ಲು ನೋಡಿ ಬಂದಿರುತ್ತಾರೆ, ಇದನ್ನು ಕೇಳಿರುವುದಿಲ್ಲ.

ಕೊನೆಗೆ ಶನಿವಾರದ ಮಸೂದೆ. ಖೋ ಖೋ ಗುಂಪು "ಎಲ್ಲ ಶನಿವಾರವೂ ಖೋ ಖೋ" ಅಂತ ತಂದಿತು. ಎರಡು, ಎರಡು ಆಗುತ್ತದೆ, ಸಭಾಧ್ಯಕ್ಷೆಯ ಓಟಿನಿಂದ ಪಾಸಾಗುತ್ತದೆ ಅಂತ ಎಲ್ಲರೂ ಕಾದಿದ್ದರು. ಆಗಲಿಲ್ಲ. ಎರಡನೇ ಕ್ಷೇತ್ರದಲ್ಲಿ 5–4ರಲ್ಲಿ ಗೆದ್ದ ಹುಡುಗನೇ ತಿದ್ದುಪಡಿ ತಂದ. ಎರಡು ಶನಿವಾರ ಖೋ ಖೋ, ಒಂದು ಶನಿವಾರ ಕೈತೋಟ. ತನ್ನ ಗುಂಪಿನವರು ಅವನನ್ನು ತಿಂದು ಹಾಕುವ ಹಾಗೆ ನೋಡಿದರು. "ನನ್ನ ಕ್ಷೇತ್ರದಲ್ಲಿ ನಾಲ್ಕು ಜನ ಕೈತೋಟ ಅಂದಿದ್ದಾರೆ, ನಾನೇನು ಮಾಡ್ಲಿ" ಅಂದ. ತಿದ್ದುಪಡಿ 3–1ರಲ್ಲಿ ಪಾಸಾಯಿತು. 1–8ರಲ್ಲಿ ಸೋತ ಹುಡುಗ ಕೈತೋಟದ ಶನಿವಾರವೂ ಬಂದು ಬದನೆ ಗಿಡಕ್ಕೆ ನೀರು ಹಾಕಿದ.

ಅವಿಶ್ವಾಸ ನಿರ್ಣಯವನ್ನು ಮೊದಲ ತಿಂಗಳಲ್ಲಿ ಬಿಡಬೇಡಿ. ಬಿಟ್ಟರೆ ವಾರಕ್ಕೊಂದು ಸರ್ಕಾರ ಬೀಳುತ್ತದೆ, ಅವರಿಗೆ ಅದೇ ಆಟವಾಗುತ್ತದೆ. ದಸರಾ ರಜೆ ಮುಗಿದ ಮೇಲೆ ಒಂದು ಸಲ ಅವಕಾಶ ಕೊಡಿ. ಆಗ 2019ರ ಜುಲೈನಲ್ಲಿ ನಮ್ಮ ವಿಧಾನಸಭೆಯಲ್ಲಿ ವಿಶ್ವಾಸಮತ 99ಕ್ಕೆ 105ರಿಂದ ಬಿದ್ದದ್ದನ್ನು ಹೇಳಬಹುದು.

ಮತಪತ್ರ, ರಿಜಿಸ್ಟರ್, ಲೆಕ್ಕದ ಹಾಳೆ ಎಲ್ಲವನ್ನೂ ಒಂದು ಕವರಿಗೆ ಹಾಕಿ, ಅಂಟಿಸಿ, ಎರಡೂ ಕಡೆಯ ಏಜೆಂಟರ ಸಹಿ ತಗೊಂಡು ಹೆಡ್‌ಮಾಸ್ಟರ ಬೀರುವಿನಲ್ಲಿಡಿ. ನಿಜವಾದ ಚುನಾವಣೆಯಲ್ಲಿ ತಕರಾರು ಅರ್ಜಿಗೆ 45 ದಿನ ಸಮಯ. ನಿಮಗೆ ಒಂದು ವಾರ ಸಾಕು. ಆ ವಾರದಲ್ಲಿ ಯಾರಾದರೂ ಬರೆದು ಕೊಟ್ಟರೆ ಎಲ್ಲರ ಮುಂದೆ ಬಿಚ್ಚಿ ಮತ್ತೆ ಎಣಿಸಿ. ಯಾರೂ ಬರದಿದ್ದರೆ ಏಜೆಂಟರನ್ನು ಕರೆದು ಅವರ ಕೈಯಿಂದಲೇ ಹರಿಸಿ. ಪುಸ್ತಕದೊಳಗೆ ಸಿಕ್ಕ ಆ ಚೀಟಿಯನ್ನು ಹೀಗೇ ಮಡಚಿದ್ದ ಹಾಗೆಯೇ ಹರಿದು ಹಾಕಿದೆವು.